ಹಿಂದುಳಿದ ಭಾಷೆ ಎಂಬುದಿಲ್ಲ

ಭಾಷಾವಿಜ್ಞಾನದ ಮೊದಲ ವರ್ಷಕ್ಕೆ ಸೇರಿರುವ ವಿದ್ಯಾರ್ಥಿಗಳೇ, ಕೋಲಾರದ ಈ ತರಗತಿಗೆ ನಿಮಗೆಲ್ಲ ಪ್ರೀತಿಯ ಸ್ವಾಗತ.

ಬೆಳಿಗ್ಗೆ ಪರಿಚಯ ಹೇಳಿಕೊಳ್ಳುವಾಗ ನಿಮ್ಮಲ್ಲಿ ಕೆಲವರು ದನಿ ತಗ್ಗಿಸಿ, ‘ಮನೆಯಲ್ಲಿ ಹಳ್ಳಿ ತೆಲುಗು ಸರ್, ಅದಕ್ಕೆ ವ್ಯಾಕರಣವಿಲ್ಲ’ ಎಂದಿರಿ. ಆ ಮಾತು ನನಗೆ ನೋವು ತಂದಿತು. ಮುಳಬಾಗಿಲಿನ ಕಡೆಯ ನನ್ನ ಅಜ್ಜಿಯ ಮಾತೂ ಅದೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಅವರನ್ನು ಬಿಟ್ಟು ಹೇಳಿದರೆ ‘ಮೇಮು’. ಇದರಲ್ಲಿ ಅಜ್ಜಿ ಒಮ್ಮೆಯೂ ತಪ್ಪಿದವರಲ್ಲ. ವ್ಯಾಕರಣವೆಂದರೆ ಇದೇ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ, ಇಂಗ್ಲಿಷಿನಲ್ಲೂ ‘ವೀ’ ಒಂದೇ. ಹಾಗೆಂದು ಇಂಗ್ಲಿಷನ್ನು ಹಿಂದುಳಿದ ಭಾಷೆ ಎಂದು ಕರೆದವರನ್ನು ನಾನು ಕಂಡಿಲ್ಲ.

ಅಮೆಜಾನ್ ಕಾಡಿನಲ್ಲಿ ತುಯುಕಾ ಎಂಬ ಭಾಷೆಯಿದೆ, ಆಡುವವರು ತೀರಾ ಕಡಿಮೆ. ಅದರಲ್ಲಿ ‘ಹುಡುಗ ಚೆಂಡಾಡಿದ’ ಎನ್ನಬೇಕಾದರೆ, ಕಣ್ಣಾರೆ ಕಂಡಿರೋ, ಸದ್ದು ಕೇಳಿದಿರೋ, ಅಂಗಳದ ಹೆಜ್ಜೆ ಗುರುತಿನಿಂದ ಊಹಿಸಿದಿರೋ, ಬೇರೆಯವರು ಹೇಳಿದರೋ ಎಂಬುದನ್ನು ಕ್ರಿಯಾಪದದಲ್ಲೇ ತಿಳಿಸಬೇಕು. ನಮ್ಮ ಪತ್ರಿಕೆಗಳಿಗೂ ಇಂಥ ಕಟ್ಟುಪಾಡು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಲಿಪಿಯಿಲ್ಲದ್ದು ಭಾಷೆಯಲ್ಲ ಎನ್ನುವವರೂ ಇದ್ದಾರೆ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದನ್ನು ಕೆತ್ತುವ ಮೊದಲೂ ತಾಯಂದಿರು ಕನ್ನಡದಲ್ಲೇ ಮಕ್ಕಳನ್ನು ಗದರಿದ್ದರು, ಮುದ್ದಿಸಿದ್ದರು.

ಸೋಮವಾರ ಬರುವಾಗ ನಿಮ್ಮ ಮನೆಯ ಹಿರಿಯರ ಮಾತಿನ ಹತ್ತು ವಾಕ್ಯಗಳನ್ನು, ಒಂದಕ್ಷರವೂ ತಿದ್ದದೆ, ಬರೆದು ತನ್ನಿ. ಪಾಠ ಅಲ್ಲಿಂದಲೇ ಶುರು.