ಗಲ್ಫ್ ಅನುಭವ ಇಲ್ಲಿಯ ಆಸ್ಪತ್ರೆ ಮೇಂಟೆನೆನ್ಸ್ ಕೆಲಸಕ್ಕೆ ಹೇಗೆ ಹೊಂದ್ತದೆ – ನನ್ನ ರೆಸ್ಯೂಮೆ ಜೊತೆ ಓದ್ಲಿಕ್ಕೆ

ನಮಸ್ಕಾರ ಸರ್, ಮೇಡಂ,

ನಾನು ಹರೀಶ, ಮಂಜೇಶ್ವರ ತಾಲೂಕು ವರ್ಕಾಡಿಯವ. 2012ರಿಂದ ದುಬೈಯಲ್ಲಿದ್ದೆ, ಈಗ ಊರಿಗೆ ಬಂದಾಗಿದೆ, ವಾಪಸ್ ಹೋಗುವ ಯೋಚನೆ ಇಲ್ಲ. ಮಂಗಳೂರು, ದೇರಳಕಟ್ಟೆ, ಕಾಸರಗೋಡು ಕಡೆಯ ಆಸ್ಪತ್ರೆಗಳಿಗೆ ಜನ ಹುಡುಕಿ ಕೊಡುವ ನಿಮ್ಮಲ್ಲಿ ಕೆಲವ್ರ ಹತ್ರ ಫೋನಲ್ಲಿ ಮಾತಾಡಿದೆ, ಹೆಚ್ಚಿನವ್ರು ಕೇಳಿದ್ದು ಒಂದೇ ಪ್ರಶ್ನೆ, ಗಲ್ಫ್ ಎಕ್ಸ್‌ಪೀರಿಯೆನ್ಸ್ ಇಲ್ಲಿ ಎಷ್ಟು ಪ್ರಯೋಜನಕ್ಕೆ ಬರ್ತದೆ ಅಂತ. ಫೋನಲ್ಲಿ ಎರಡು ನಿಮಿಷದಲ್ಲಿ ಹೇಳುವ ವಿಷಯ ಅಲ್ಲ ಅದು, ಹಾಗಾಗಿ ಕೂತು ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ಬಹುದು.

ಮೊದ್ಲು ಹುದ್ದೆಯ ಹೆಸರಿನ ವಿಷಯ. ರೆಸ್ಯೂಮೆಯಲ್ಲಿ ‘ಅಸಿಸ್ಟೆಂಟ್ ಮ್ಯಾನೇಜರ್, ಎಂಇಪಿ, ಫೆಸಿಲಿಟಿ ಮ್ಯಾನೇಜ್‌ಮೆಂಟ್’ ಅಂತ ಉಂಟು, ಅದನ್ನು ನೋಡಿ ಒಬ್ರು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಕೆಲಸಕ್ಕೆ ಕರೆದ್ರು, ಇನ್ನೊಬ್ರು ಬಯೋಮೆಡಿಕಲ್ ಇಂಜಿನಿಯರ್ ಅಂದ್ಕೊಂಡ್ರು. ಎರಡೂ ಅಲ್ಲ. ದುಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಸಿ ಪ್ಲಾಂಟ್, ಕರೆಂಟು, ಜನರೇಟರ್, ನೀರು, ಮೆಡಿಕಲ್ ಗ್ಯಾಸ್ ಪೈಪ್‌ಲೈನ್, ಫೈರ್ ಸಿಸ್ಟಂ, ಲಿಫ್ಟ್ ಇಷ್ಟೂ ನನ್ನ ಕೈಕೆಳಗಿತ್ತು. ಇಲ್ಲಿಯ ಆಸ್ಪತ್ರೆಗಳಲ್ಲಿ ಇದಕ್ಕೆ ಮೇಂಟೆನೆನ್ಸ್ ಮ್ಯಾನೇಜರ್ ಅಂತಾರೆ, ದೊಡ್ಡ ಕಡೆ ಚೀಫ್ ಇಂಜಿನಿಯರ್ ಅಂತಾರೆ. ನಿಮ್ಮ ಡೇಟಾಬೇಸಲ್ಲಿ ದಯವಿಟ್ಟು ಆ ಹೆಸರಲ್ಲೇ ಹಾಕಿ. ಎಂಆರ್‌ಐ, ವೆಂಟಿಲೇಟರ್ ರಿಪೇರಿ ನನ್ನ ಕೆಲಸ ಅಲ್ಲ, ಅವುಗಳಿಗೆ ಬೇಕಾದ ಕರೆಂಟು, ತಂಪು ಮತ್ತೆ ಗ್ಯಾಸ್ ತಪ್ಪದ ಹಾಗೆ ನೋಡೋದು ನನ್ನ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ದುಬೈ ಅಂದ್ರೆ ಮರುಭೂಮಿ, ಒಣ ಹವೆ, ನಮ್ಮ ಕರಾವಳಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆದ್ರೆ ಅದು ಸಮುದ್ರ ದಂಡೆಯ ಊರು, ಆಗಸ್ಟ್ ರಾತ್ರಿಯಲ್ಲಿ ಹೊರಗೆ ನಿಂತ್ರೆ ಕನ್ನಡಕ ಮಂಜಾಗ್ತದೆ, ಅಂಗಿ ಒದ್ದೆ ಆಗ್ತದೆ. ಅಂಥ ಒಂದು ಆಗಸ್ಟಲ್ಲಿ ನಮ್ಮ ಆಪರೇಷನ್ ಥಿಯೇಟರಿಂದ ದೂರು ಬಂತು, ರೂಮು ತಣ್ಣಗಿದೆ ಆದ್ರೆ ಅಂಟಂಟು ಅಂತ. ಗೋಡೆಯ ಡಿಸ್‌ಪ್ಲೇಯಲ್ಲಿ 20 ಡಿಗ್ರಿ ಸರಿಯಾಗೇ ಇತ್ತು, ಆರ್ದ್ರತೆ ಮಾತ್ರ 60% ದಾಟಿ ಹೋಗಿತ್ತು. ಕಾರಣ ಹುಡುಕಿದಾಗ ಗೊತ್ತಾಯ್ತು, ಕರೆಂಟ್ ಬಿಲ್ ಉಳಿಸ್ಲಿಕ್ಕೆ ಅಂತ ಚಿಲ್ಲರಿಂದ ಬರುವ ತಣ್ಣೀರಿನ ಸೆಟ್‌ಪಾಯಿಂಟನ್ನು 6ರಿಂದ 9 ಡಿಗ್ರಿಗೆ ಏರಿಸಿದ್ರು. ಆಫೀಸಿಗೆ, ವಾರ್ಡಿಗೆ ಅದು ಸಾಕು. ಥಿಯೇಟರಿಗೆ ಸಾಕಾಗೋದಿಲ್ಲ, ಯಾಕಂದ್ರೆ 20 ಡಿಗ್ರಿಯಲ್ಲಿ 60% ಅಂದ್ರೆ ಡ್ಯೂ ಪಾಯಿಂಟ್, ಅಂದ್ರೆ ಗಾಳಿಯ ತೇವ ನೀರಾಗ್ಲಿಕ್ಕೆ ಶುರುವಾಗುವ ಉಷ್ಣತೆ, ಸುಮಾರು 12 ಡಿಗ್ರಿ, ತಣ್ಣೀರು ಹರಿಯುವ ಕಾಯಿಲಿನಿಂದ ಹೊರಬರುವ ಗಾಳಿ ಅದಕ್ಕಿಂತ ಕೆಳಗೆ ಇಳಿಯದಿದ್ರೆ ನೀರು ಹಿಂಡಿ ಹೋಗೋದಿಲ್ಲ, ಬರೀ ತಂಪಾಗ್ತದೆ ಅಷ್ಟೇ. ಥಿಯೇಟರಿಗೆ ಗಾಳಿ ತಂಪು ಮಾಡಿ ಕಳಿಸುವ ಎಎಚ್‌ಯುಗಳನ್ನು ಬೇರೆ ಮಾಡಿ ಅವಕ್ಕೊಂದು ಸಣ್ಣ ಚಿಲ್ಲರ್ ಇಟ್ಟೆವು, ಅದರ ನೀರು 5 ಡಿಗ್ರಿ, ಹಿಂಡಿದ ಗಾಳಿಯನ್ನು ಪುನಃ ಸ್ವಲ್ಪ ಬಿಸಿ ಮಾಡ್ಲಿಕ್ಕೆ ಚಿಲ್ಲರ್ ಹೊರಗೆ ಬಿಸಾಡುವ ಶಾಖವನ್ನೇ ಬಳಸಿದೆವು. ಉಳಿದ ಕಟ್ಟಡ 9 ಡಿಗ್ರಿಯಲ್ಲೇ ನಡೀತು, ಹಾಗಾಗಿ ಉಳಿತಾಯವೂ ಕೈತಪ್ಪಲಿಲ್ಲ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದ್ರೆ ಮಂಗಳೂರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಇದೇ ಸಮಸ್ಯೆ, ಇಲ್ಲಿ ಹೊರಗೆ ಬಿಸಿ ಕಮ್ಮಿ ಇರ್ತದೆ, ಎಸಿಗೆ ಲೋಡ್ ಇಲ್ಲ ಅಂತ ಚಿಲ್ಲರ್ ನಿಧಾನ ಆಗ್ತದೆ, ಗಾಳಿಯಲ್ಲಿರುವ ನೀರು ಹಾಗೇ ಒಳಗೆ ಬರ್ತದೆ, ಫಾಲ್ಸ್ ಸೀಲಿಂಗಲ್ಲಿ ಬೂಷ್ಟು ಹಿಡೀತದೆ. ನಿಯಮದ ಲೆಕ್ಕವೂ ಬೇರೆ ಏನಲ್ಲ. ಅಲ್ಲಿ ನಾವು ನೋಡ್ತಿದ್ದದ್ದು ಆಸ್ಪತ್ರೆ ಗಾಳಿಯ ಅಮೆರಿಕನ್ ಸ್ಟ್ಯಾಂಡರ್ಡ್ ಆಶ್ರೇ 170, ಇಲ್ಲಿ ಎನ್‌ಎಬಿಎಚ್ ಗೈಡ್‌ಲೈನ್ಸ್, ಎರಡರಲ್ಲೂ ಥಿಯೇಟರಿಗೆ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗ್ಬೇಕು, ಅದರಲ್ಲಿ 4 ಹೊರಗಿನ ಹೊಸ ಗಾಳಿ, ಮತ್ತೆ ಒಳಗೆ ಒತ್ತಡ ಹೊರಗಿಂತ ಜಾಸ್ತಿ. ನಾನು ಜೆಸಿಐ ಆಡಿಟಿಗೆ ಫೈಲ್ ರೆಡಿ ಮಾಡಿದವ, ಎನ್‌ಎಬಿಎಚ್ ಅಸೆಸರ್ ಬಂದು ಕೂತ್ರೆ ಯಾವ ರೆಕಾರ್ಡ್ ಕೇಳ್ತಾರೆ, ಫಿಲ್ಟರ್ ಇಂಟೆಗ್ರಿಟಿ ಟೆಸ್ಟಿನ ಕಾಗದ ಎಲ್ಲಿರ್ಬೇಕು ಅನ್ನೋದಕ್ಕೆ ನನಗೆ ಹೊಸದಾಗಿ ತರಬೇತಿ ಬೇಕಾಗೋದಿಲ್ಲ.

ಇನ್ನೊಂದು ಮಳೆ ವಿಷಯ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಬಿದ್ದ ಮಳೆ ನಿಮಗೆ ನೆನಪಿರ್ಬಹುದು, 1949ರಿಂದ ಅಲ್ಲಿ ದಾಖಲೆ ಇಡ್ತಾ ಬಂದದ್ರಲ್ಲೇ ಅತಿ ದೊಡ್ಡದು ಅದು. ಆ ರಾತ್ರಿ ನಾನು ಆಸ್ಪತ್ರೆಯಲ್ಲೇ ಇದ್ದೆ. ಬೇಸ್‌ಮೆಂಟಿಗೆ ರ‍್ಯಾಂಪ್ ಮೇಲಿಂದ ನೀರು ನುಗ್ಗಿ ಬರ್ತಿತ್ತು, ಜನರೇಟರ್ ಮೇಲೆ ಇದ್ರೂ ಅದಕ್ಕೆ ಡೀಸೆಲ್ ಏರಿಸುವ ಪಂಪು ಕೆಳಗೆ ಬೇಸ್‌ಮೆಂಟಲ್ಲಿತ್ತು, ಅಂದ್ರೆ ಆ ಪಂಪು ಮುಳುಗಿದ್ರೆ ಮೇಲಿನ ಸಣ್ಣ ಡೇ ಟ್ಯಾಂಕಲ್ಲಿ ಡೀಸೆಲ್ ಇದ್ದಷ್ಟು ಹೊತ್ತು ಮಾತ್ರ ಐಸಿಯುಗೆ ಕರೆಂಟು. ಹುಡುಗರೆಲ್ಲ ಸೇರಿ ಮರಳಿನ ಚೀಲ ಅಡ್ಡ ಹಾಕಿ, ಪೋರ್ಟೆಬಲ್ ಪಂಪ್ ಇಟ್ಟು ಬೆಳಗಿನ ತನಕ ಕಾದೆವು, ಕರೆಂಟು ಹೋಗ್ಲಿಲ್ಲ. ಆಮೇಲೆ ಆ ಪಂಪನ್ನೂ ಪ್ಯಾನೆಲನ್ನೂ ಮೇಲಿನ ಫ್ಲೋರಿಗೆ ತಂದ ಪ್ರಾಜೆಕ್ಟ್ ನಾನೇ ನಡೆಸಿದ್ದು. ನಮ್ಮ ಕಡೆ ಅಂಥ ಮಳೆ ಹೊಸತಲ್ಲ, ಗುಡ್ಡ ಕಡಿದು ಕಟ್ಟಿದ ಕಟ್ಟಡದಲ್ಲಿ ಜುಲೈ ಬಂದ್ರೆ ಮುರಕಲ್ಲಿನ ಗೋಡೆಯಿಂದಲೇ ಒರತೆ ಬರ್ತದೆ. ಇಂಟರ್‌ವ್ಯೂಗೆ ಕರೆದ್ರೆ ನಾನು ಮೊದ್ಲು ಕೇಳುವ ಪ್ರಶ್ನೆಯೇ ನಿಮ್ಮ ಡೀಸೆಲ್ ಪಂಪು, ಮೇನ್ ಪ್ಯಾನೆಲ್ ಯಾವ ಫ್ಲೋರಲ್ಲಿ ಉಂಟು ಅಂತ.

ಹೊಂದದೆ ಇರುವ ವಿಷಯಗಳನ್ನೂ ಹೇಳ್ತೇನೆ, ಅದು ನಿಮಗೆ ಗೊತ್ತಿದ್ರೆ ಒಳ್ಳೇದು. ಅಲ್ಲಿ ನಾನು ನೋಡಿದ ಕರೆಂಟ್ ಬಿಲ್ಲು ಸ್ಲ್ಯಾಬ್ ಲೆಕ್ಕದ್ದು. ಇಲ್ಲಿ ಮೆಸ್ಕಾಂ ಆಗ್ಲಿ ಕೆಎಸ್‌ಇಬಿ ಆಗ್ಲಿ ಎಚ್‌ಟಿ ಕನೆಕ್ಷನ್ನಿಗೆ ಕೆವಿಎ ಡಿಮಾಂಡ್ ಮೇಲೆ ಬೇರೆ ಚಾರ್ಜ್ ಉಂಟು, ಸಂಜೆ ಪೀಕ್ ಹೊತ್ತಿಗೆ ರೇಟು ಬೇರೆ, ಇದನ್ನು ಈಗ ಒಬ್ಬ ಸ್ನೇಹಿತರ ಫ್ಯಾಕ್ಟರಿಯ ಹಳೆ ಬಿಲ್ಲುಗಳನ್ನು ಇಟ್ಕೊಂಡು ಕಲೀತಿದ್ದೇನೆ. ಆಕ್ಸಿಜನ್ ಟ್ಯಾಂಕಿಗೆ ಪೆಸೋ ಲೈಸೆನ್ಸ್, ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್ ಅಪ್ರೂವಲ್, ಪೊಲ್ಯೂಷನ್ ಬೋರ್ಡ್, ಗುತ್ತಿಗೆ ಕಾರ್ಮಿಕರ ಪಿಎಫ್, ಇಎಸ್‌ಐ, ಈ ಕಾಗದಪತ್ರ ನಾನು ಈ ತನಕ ನಡೆಸಿದ್ದಲ್ಲ, ಮೊದಲ ಕೆಲವು ತಿಂಗಳು ಇದನ್ನು ಗೊತ್ತಿರುವವರು ಆಫೀಸಲ್ಲಿ ಒಬ್ರು ಬೇಕಾಗ್ತಾರೆ. ಮತ್ತೆ ಸಿಡಿಲು. ದುಬೈಯಲ್ಲಿ ಅದು ಅಪರೂಪ, ನಮ್ಮಲ್ಲಿ ಏಪ್ರಿಲ್-ಮೇಯಲ್ಲೂ ಅಕ್ಟೋಬರಲ್ಲೂ ಸಿಡಿಲಿಗೆ ಎಲೆಕ್ಟ್ರಾನಿಕ್ ಕಾರ್ಡು ಸುಟ್ಟು ಹೋಗೋದು ಎಲ್ರಿಗೂ ಗೊತ್ತು, ಒಣಗಿದ ಮುರಕಲ್ಲಿನಲ್ಲಿ ಅರ್ತಿಂಗ್ ಸಿಗೋದೂ ಕಷ್ಟ. ಇದರಲ್ಲಿ ಇಲ್ಲಿಯ ಹಳೆ ಎಲೆಕ್ಟ್ರಿಷಿಯನ್ನರಿಗೆ ನನಗಿಂತ ಜಾಸ್ತಿ ಗೊತ್ತಿರ್ತದೆ, ನಾನು ಅವ್ರ ಮಾತು ಕೇಳಿಯೇ ಕೆಲಸ ಶುರು ಮಾಡುವವ. ಅಲ್ಲಿ ಬಿಡಿಭಾಗ ಬೇಕು ಅಂದ್ರೆ ಎರಡು ದಿನದಲ್ಲಿ ಬರ್ತಿತ್ತು, ಇಲ್ಲಿ ಚಿಲ್ಲರ್ ಕಂಪ್ರೆಸರಿನ ಒಂದು ಭಾಗಕ್ಕೆ ವಾರಗಟ್ಟಲೆ ಕಾಯ್ಬೇಕಾಗ್ಬಹುದು, ಹಾಗಾಗಿ ಸ್ಟೋರಲ್ಲಿ ಎಂತ ಇಟ್ಕೊಳ್ಬೇಕು ಅನ್ನುವ ಲೆಕ್ಕವೇ ಬೇರೆ ಆಗ್ತದೆ.

ಜನರ ಜೊತೆ ಕೆಲಸದ ಬಗ್ಗೆ ಒಂದು ಮಾತು. ನನ್ನ ಟೀಮಲ್ಲಿ ಕಣ್ಣೂರಿನವ್ರು, ತಿರುನೆಲ್ವೇಲಿಯವ್ರು, ನೇಪಾಳದವ್ರು, ಪಾಕಿಸ್ತಾನದವ್ರು, ಬಾಂಗ್ಲಾದವ್ರು ಒಟ್ಟಿಗೆ ಇದ್ರು. ನಾನು ಓದಿದ್ದು ಕನ್ನಡ ಮೀಡಿಯಂ, ತುಳು ಮನೆ ಮಾತು, ಮಲಯಾಳ ಓದಿ ಬರೀಲಿಕ್ಕೂ ಬರ್ತದೆ, ಹಿಂದಿ ಕೆಲಸದ ಜಾಗದಲ್ಲಿ ಕಲಿತದ್ದು. ಗಡಿಯ ಎರಡೂ ಬದಿಯ ಆಸ್ಪತ್ರೆಗೆ ಇದು ಉಪಯೋಗ ಆಗ್ತದೆ, ಕಾಸರಗೋಡಲ್ಲಾದ್ರೆ ಪಂಚಾಯತಿನ, ಕೆಎಸ್‌ಇಬಿಯ ಕಾಗದ ಮಲಯಾಳದಲ್ಲಿ ಬರ್ತದೆ, ಮಂಗಳೂರಲ್ಲಾದ್ರೆ ಕನ್ನಡದಲ್ಲಿ. ಕೇರಳದ ಕ್ಯಾಂಡಿಡೇಟ್, ಮನೆ ಮಾಡಿ ಕೊಡ್ಬೇಕಾ ಅಂತ ಒಬ್ರು ಕೇಳಿದ್ರು. ಬೇಡ, ತಲಪಾಡಿ ದಾಟಿದ್ರೆ ನನಗೆ ದೇರಳಕಟ್ಟೆ ಹತ್ರವೇ, ರಾತ್ರಿ ಎರಡು ಗಂಟೆಗೆ ಚಿಲ್ಲರ್ ಟ್ರಿಪ್ ಆಯ್ತು ಅಂತ ಫೋನ್ ಬಂದ್ರೂ ಹೊರಡ್ತೇನೆ.

ಸಂಬಳ. ದಿರಂ ಲೆಕ್ಕವನ್ನು ರೂಪಾಯಿಗೆ ಗುಣಿಸಿ ಅಷ್ಟು ಕೇಳ್ತಾನೆ ಅಂತ ಹೆದರ್ಬೇಡಿ, ಅಲ್ಲಿಯ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸಿಗೆ ಹೋಗ್ತಿದ್ದದ್ದು ಇಲ್ಲಿ ಹೋಗೋದಿಲ್ಲ. ತಿಂಗಳಿಗೆ 80 ಸಾವಿರದ ಆಸುಪಾಸು ನನ್ನ ನಿರೀಕ್ಷೆ, ಆಸ್ಪತ್ರೆ ಎಷ್ಟು ದೊಡ್ಡದು, ರಾತ್ರಿಯ ಜವಾಬ್ದಾರಿ ಎಷ್ಟು ಅಂತ ನೋಡಿ ಸ್ವಲ್ಪ ಹೆಚ್ಚು ಕಮ್ಮಿ ಮಾತಾಡ್ಬಹುದು. ಹಳೆ ಸಿಟಿಸಿ ಕಾಲಮ್ಮಿನಲ್ಲಿ ದಿರಂ ಅಂತಲೇ ಬರೀರಿ, ರೂಪಾಯಿಗೆ ಬದಲಾಯಿಸಿ ಹಾಕಿದ್ರೆ ಸಿಸ್ಟಂ ನನ್ನನ್ನು ಅಲ್ಲಿಯೇ ತೆಗೆದು ಹಾಕ್ತದೆ.

ವೆರಿಫಿಕೇಶನ್ನಿಗೆ ಫಾರ್ಮ್ 16 ಕೇಳ್ತಾರೆ, ನನ್ನ ಹತ್ರ ಇಲ್ಲ, ಯುಎಇಯಲ್ಲಿ ಸಂಬಳಕ್ಕೆ ಇನ್‌ಕಂ ಟ್ಯಾಕ್ಸೇ ಇಲ್ಲ. ಅದರ ಬದಲಿಗೆ ಕಂಪನಿ ಕೊಟ್ಟ ಅನುಭವ ಪತ್ರ, ಸ್ಯಾಲರಿ ಸರ್ಟಿಫಿಕೇಟ್, ಯುಎಇ ಸರ್ಕಾರದ ಸಂಬಳ ಪಾವತಿ ವ್ಯವಸ್ಥೆ ಡಬ್ಲ್ಯುಪಿಎಸ್ ಮೂಲಕ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ದುಬೈ ಪೊಲೀಸ್ ಕ್ಲಿಯರೆನ್ಸ್ ಎಲ್ಲ ಉಂಟು. ಯುಎಎನ್ ನಂಬರ್ ಇಲ್ಲದೆ ನಿಮ್ಮ ಫಾರ್ಮು ಮುಂದೆ ಹೋಗೋದಿಲ್ಲ ಅಂತ ಗೊತ್ತು, ಆದ್ರೆ ನಾನು ಮಂಗಳೂರಲ್ಲಿ ಕೆಲಸ ಬಿಟ್ಟದ್ದು 2012ರಲ್ಲಿ, ಯುಎಎನ್ ಬಂದದ್ದು 2014ರಲ್ಲಿ. ಹಳೆ ಪಿಎಫ್ ನಂಬರ್ ರೆಸ್ಯೂಮೆ ಕೊನೆಯಲ್ಲಿ ಬರೆದಿದ್ದೇನೆ. ಅಲ್ಲಿಯ ಎಚ್‌ಆರ್ ಮೇಲಿಗೆ ಉತ್ತರ ಕೊಡ್ಲಿಕ್ಕೆ ತಡ ಮಾಡ್ತಾರೆ, ಶುಕ್ರವಾರ ಮಧ್ಯಾಹ್ನದ ನಂತರ ಯಾರೂ ಸಿಗೋದಿಲ್ಲ, ಸೋಮವಾರ ಕಳಿಸಿದ್ರೆ ಬೇಗ ಆಗ್ತದೆ.

ಆಸ್ಪತ್ರೆಯೇ ಆಗ್ಬೇಕು ಅಂತ ನಾನು ಪಟ್ಟು ಹಿಡಿಯೋದಕ್ಕೆ ಕಾರಣ ಉಂಟು. ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದವ್ರಿಗೆ ಎದೆನೋವು ಅಂದ್ರೂ ಹೆರಿಗೆ ಕಷ್ಟ ಅಂದ್ರೂ ಹೋಗೋದು ಮಂಗಳೂರಿಗೇ. 2020ರಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇಲ್ಲಿಯ ರೋಗಿಗಳು ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನಾನು ದುಬೈಯಲ್ಲಿ ಕೂತು ಫೋನಲ್ಲಿ ಕೇಳ್ತಿದ್ದೆ, ಏನೂ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ. ನನಗೆ ಬರುವ ಕೆಲಸ ಆಸ್ಪತ್ರೆ ನಿಲ್ಲದ ಹಾಗೆ ನೋಡೋದು, ಅದನ್ನು ನಮ್ಮವ್ರು ಮಲಗುವ ಆಸ್ಪತ್ರೆಯಲ್ಲಿ ಮಾಡ್ಬೇಕು ಅಂತ ಆಸೆ. ಆಸ್ಪತ್ರೆ ಸಿಗದೆ ಹೋದ್ರೆ ಮೀನು ಎಕ್ಸ್‌ಪೋರ್ಟಿನ ಕೋಲ್ಡ್ ಸ್ಟೋರೇಜ್, ಔಷಧ ಫ್ಯಾಕ್ಟರಿ ಇಂಥದ್ದು ನೋಡ್ತೇನೆ, ಮಾಲ್, ಅಪಾರ್ಟ್‌ಮೆಂಟಿನ ಕೆಲಸ ಸದ್ಯಕ್ಕೆ ಕಳಿಸ್ಬೇಡಿ.

ನಿಮ್ಮ ಕ್ಲೈಂಟಿಗೆ ಕಳಿಸುವಾಗ ಈ ಕಾಗದದ ಮಳೆಗಾಲದ ಭಾಗ ಮತ್ತೆ ಹೊಂದದೆ ಇರುವ ವಿಷಯದ ಭಾಗ ಎರಡನ್ನೂ ಸೇರಿಸಿ ಕಳಿಸಿ. ಇಂಟರ್‌ವ್ಯೂ ಮೊದ್ಲು ಒಂದು ಗಂಟೆ ಪ್ಲಾಂಟ್ ರೂಮ್ ತೋರಿಸ್ಲಿಕ್ಕೆ ಆಗ್ತದಾ ಅಂತ ಅವ್ರ ಹತ್ರ ಕೇಳಿ ನೋಡಿ, ನೋಡಿ ಬಂದು ಮಾತಾಡಿದ್ರೆ ಇಬ್ರಿಗೂ ಸುಲಭ. ಭಾನುವಾರ ಬಿಟ್ಟು ಯಾವ ದಿನ ಹೇಳಿದ್ರೂ ಬರ್ತೇನೆ, ನೋಟಿಸ್ ಪೀರಿಯಡ್ ಮುಗಿದಾಗಿದೆ, ಒಂದು ವಾರದಲ್ಲಿ ಸೇರ್ಬಹುದು. ಫೋನ್ ನಂಬರ್ ರೆಸ್ಯೂಮೆಯ ಮೇಲೆ ಉಂಟು, ವಾಟ್ಸಾಪ್ ಕೂಡ ಅದೇ.

ವಂದನೆಗಳೊಂದಿಗೆ,
ಹರೀಶ
ವರ್ಕಾಡಿ, ಮಂಜೇಶ್ವರ

ಜೊತೆಗೆ: ರೆಸ್ಯೂಮೆ, ಅನುಭವ ಪತ್ರ, ಬಿಇ ಮೆಕ್ಯಾನಿಕಲ್ ಸರ್ಟಿಫಿಕೇಟ್