ಆರನೇ ತರಗತಿ ಮಕ್ಕಳ ತಂದೆ ತಾಯಂದಿರಿಗೆ

ನಮಸ್ಕಾರ.

ಮಕ್ಕಳ ದಿನಾಚರಣೆಗೆ, ಅಂದರೆ ನವೆಂಬರ್ 14ಕ್ಕೆ, ನಮ್ಮ ತರಗತಿಯ ಮಕ್ಕಳು ತಾವೇ ಪಾತ್ರಗಳಾಗಿರುವ ಕಾಮಿಕ್ ಪುಸ್ತಕ ಮಾಡುತ್ತಿದ್ದಾರೆ. ಕಥೆ ಅವರದ್ದೇ: ಊರಿನ ಕೆರೆಯಲ್ಲಿ ಕಸ ಹೆಚ್ಚಾಗಿದೆ, ಮಕ್ಕಳೆಲ್ಲ ಸೇರಿ ಏನು ಮಾಡುತ್ತಾರೆ ಅಂತ.

ಪ್ರತಿ ಮಗುವಿನ ಫೋಟೊವನ್ನು ಶಾಲೆಯಲ್ಲಿ ನಾನೇ ತೆಗೆದು, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಅದರ ಮೇಲೆ ಬಟರ್ ಪೇಪರ್ ಇಟ್ಟು, ಕಿಟಕಿ ಗಾಜಿಗೆ ಒತ್ತಿ ಹಿಡಿದು ಮಕ್ಕಳು ಗೆರೆ ಎಳೆಯುತ್ತಾರೆ. ಆಮೇಲೆ ಜಡೆ, ಕನ್ನಡಕ, ನಗು ಇವನ್ನು ಸ್ವಲ್ಪ ಜಾಸ್ತಿ ಮಾಡಿ ಬಿಡಿಸಬೇಕು. ತನ್ನ ಮುಖವನ್ನು ತಾನೇ ಅಷ್ಟು ಹೊತ್ತು ಗಮನವಿಟ್ಟು ನೋಡುವುದು ಮಗುವಿಗೆ ಹೊಸ ಅನುಭವ, ಅಲ್ವಾ? ಒಂದು ಮಾತು: ಯಾರ ಬಣ್ಣ, ಹಲ್ಲು, ಮೈಕಟ್ಟನ್ನೂ ಆಡಿಕೊಳ್ಳಲು ನಾನು ಬಿಡುವುದಿಲ್ಲ. ಅವರವರ ಚಿತ್ರ ಅವರವರೇ ಬಿಡಿಸುತ್ತಾರೆ.

ಫೋಟೊಗಳನ್ನು ವಾಟ್ಸಾಪ್ ಗುಂಪಿಗಾಗಲಿ ಫೇಸ್‌ಬುಕ್‌ಗಾಗಲಿ ಹಾಕುವುದಿಲ್ಲ. ಕೆಲಸ ಮುಗಿದ ಮೇಲೆ ಪ್ರಿಂಟ್ ನಿಮ್ಮ ಮನೆಗೆ ಬರುತ್ತದೆ, ನನ್ನ ಫೋನಿನಿಂದ ಫೋಟೊ ಅಳಿಸುತ್ತೇನೆ. ಫೋಟೊ ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ತಿಳಿಸಿ. ಮಗು ಕನ್ನಡಿ ನೋಡಿಕೊಂಡು ಬಿಡಿಸಲಿ.

ನಿಮ್ಮ ಒಪ್ಪಿಗೆಯನ್ನು ಅಕ್ಟೋಬರ್ 25ರೊಳಗೆ ಡೈರಿಯಲ್ಲಿ ಬರೆದು ಸಹಿ ಮಾಡಿ ಕಳುಹಿಸಿ. ಹಣ ಏನೂ ಬೇಡ, ಒಂದು ಎಚ್‌ಬಿ ಪೆನ್ಸಿಲ್ ಸಾಕು.

ಇಂತಿ,
ಆರನೇ ತರಗತಿಯ ಕ್ಲಾಸ್ ಟೀಚರ್