ಉಪಶಾಮಕ ಆರೈಕೆಯ ಕಿರು ಫೆಲೋಶಿಪ್‌ಗಾಗಿ 44 ದಿನಗಳ ಅಧ್ಯಯನ ರಜೆ ಕೋರಿ ಅರ್ಜಿ

ದಿನಾಂಕ: 06-07-2026
ಸ್ಥಳ: ಸಿದ್ದಾಪುರ

ಇಂದ,
ಡಾ. ಸವಿತಾ ಎಂ. ನಾಯ್ಕ, ಎಂ.ಡಿ. (ಜನರಲ್ ಮೆಡಿಸಿನ್)
ವೈದ್ಯಕೀಯ ತಜ್ಞರು, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ,
ಸಿದ್ದಾಪುರ, ಉತ್ತರ ಕನ್ನಡ ಜಿಲ್ಲೆ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು

ಮೂಲಕ: ಆಡಳಿತ ವೈದ್ಯಾಧಿಕಾರಿಗಳು, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ, ಸಿದ್ದಾಪುರ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಾರವಾರ

ವಿಷಯ: 04-10-2026ರಿಂದ 16-11-2026ರವರೆಗೆ ಅಧ್ಯಯನ ರಜೆ ಮಂಜೂರು ಮಾಡುವ ಕುರಿತು

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್‌ನಲ್ಲಿ ಆರು ವಾರಗಳ ವಸತಿಸಹಿತ ಕಿರು ಫೆಲೋಶಿಪ್ ತರಬೇತಿಗೆ ನಾನು ಆಯ್ಕೆಯಾಗಿದ್ದು, ಪ್ರಯಾಣದ ದಿನಗಳೂ ಸೇರಿ 44 ದಿನಗಳ ಅಧ್ಯಯನ ರಜೆಯನ್ನು ಮಂಜೂರು ಮಾಡಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ. ನಾನು ಇಲಾಖೆಯ ಸೇವೆಯಲ್ಲಿ ಹನ್ನೊಂದು ವರ್ಷ ಪೂರೈಸಿದ್ದು, ಕಳೆದ ಆರು ವರ್ಷಗಳಿಂದ ಇದೇ ಆಸ್ಪತ್ರೆಯಲ್ಲಿದ್ದೇನೆ. ಈವರೆಗೆ ಅಧ್ಯಯನ ರಜೆಯನ್ನು ಪಡೆದಿಲ್ಲ.

ನಮ್ಮದು ಅಡಿಕೆಯ ಸೀಮೆ. ಬಾಯಿ, ಗಂಟಲು ಮತ್ತು ಅನ್ನನಾಳದ ಕ್ಯಾನ್ಸರ್ ಇರುವವರು ಬೆಂಗಳೂರಿಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಚಿಕಿತ್ಸೆ ಪಡೆಯುತ್ತಾರೆ. ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತು ಕೇಳಿಸಿಕೊಂಡ ಮೇಲೆ ಅವರ ಕುಟುಂಬದವರು ಬಂದು ನಿಲ್ಲುವುದು ನನ್ನ ಹೊರರೋಗಿ ವಿಭಾಗದ ಮುಂದೆ. ಅಂಥ ರೋಗಿಗೆ ನಾನು ಇಂದು ಕೊಡಬಲ್ಲದ್ದು ಪ್ಯಾರಾಸಿಟಮಾಲ್, ಟ್ರಮಡಾಲ್ ಮತ್ತು ಒಂದಿಷ್ಟು ಸಮಾಧಾನದ ಮಾತು. ಕಳೆದ ಮಾರ್ಚ್‌ನಲ್ಲಿ ಒಬ್ಬ ಕೂಲಿ ಕಾರ್ಮಿಕರು ಕೊನೆಯ ಒಂಬತ್ತು ದಿನ ನಮ್ಮ ಪುರುಷರ ವಾರ್ಡಿನಲ್ಲಿದ್ದರು. ಅವರ ನೋವನ್ನು ನಿಲ್ಲಿಸಲು ನನಗೆ ಸಾಧ್ಯವಾಗಲಿಲ್ಲ. ಎಂ.ಡಿ. ಪದವಿಯ ಮೂರು ವರ್ಷಗಳಲ್ಲಿ ನೋವಿನ ಚಿಕಿತ್ಸೆಗೆ ಸಿಕ್ಕ ಪಾಠ ಬಹಳ ಸ್ವಲ್ಪ ಎಂಬುದು ನನಗೆ ಅರಿವಾದದ್ದು ಆ ಹಾಸಿಗೆಯ ಪಕ್ಕದಲ್ಲಿ.

ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಹೊಸ ಔಷಧವೂ ಅಲ್ಲ, ದುಬಾರಿಯೂ ಅಲ್ಲ. ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ಪದಾರ್ಥಗಳ ಕಾಯ್ದೆ, 1985ಕ್ಕೆ 2014ರಲ್ಲಿ ತಿದ್ದುಪಡಿಯಾದ ಬಳಿಕ, ಹಲವು ಪರವಾನಗಿಗಳಿಗಾಗಿ ಅಲೆಯುವ ಬದಲು, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಯು ಅದನ್ನು ದಾಸ್ತಾನಿಟ್ಟು ವಿತರಿಸಬಹುದಾಗಿದೆ. ಆದರೆ ಆ ಮಾನ್ಯತೆಗೆ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕು. ಕಪಾಟು, ಬೀಗ, ದಾಸ್ತಾನು ವಹಿ ಇವೆಲ್ಲವನ್ನೂ ಒಂದು ವಾರದೊಳಗೆ ಹೊಂದಿಸಬಹುದು; ತರಬೇತಿ ಪಡೆದ ವೈದ್ಯರನ್ನು ಹಾಗೆ ಹೊಂದಿಸಲಾಗುವುದಿಲ್ಲ. ನನ್ನ ಈ ಅರ್ಜಿಗೆ ಮುಖ್ಯ ಕಾರಣ ಇದೇ.

ಕಲ್ಲಿಕೋಟೆಯನ್ನೇ ಆರಿಸಿಕೊಂಡಿರುವುದಕ್ಕೂ ಕಾರಣವಿದೆ. ಕೇರಳವು 2008ರಲ್ಲೇ ಉಪಶಾಮಕ ಆರೈಕೆಗೆ ನೀತಿಯನ್ನು ರೂಪಿಸಿದ ರಾಜ್ಯ. ಅಲ್ಲಿ ಶುಶ್ರೂಷಕಿಯರು ಮತ್ತು ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವ ಪದ್ಧತಿ ಬೇರೂರಿದೆ. ಘಟ್ಟದ ಒಂಟಿ ಮನೆಗಳಿಂದ ಆಸ್ಪತ್ರೆಗೆ ಬರಲು ಎರಡು ಬಸ್ಸು ಹಿಡಿಯಬೇಕಾದ ನಮ್ಮ ತಾಲ್ಲೂಕಿಗೆ ಹೊಂದುವುದು ಈ ಮಾದರಿಯೇ ಹೊರತು, ನಗರದ ದೊಡ್ಡ ಆಸ್ಪತ್ರೆಯ ಮಾದರಿಯಲ್ಲ.

ಇದೆಲ್ಲವೂ ಆಸ್ಪತ್ರೆಗಾಗಿ ಮಾತ್ರ ಎಂದು ನಾನು ಹೇಳಿದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ಹನ್ನೊಂದು ವರ್ಷ ಕರ್ತವ್ಯದ ನಡುವೆ ಓದು ಹಿಂದೆ ಬಿದ್ದಿದೆ. ಮುಂದೆ ಇದೇ ಕ್ಷೇತ್ರದಲ್ಲಿ ನೆಲೆಯೂರಬೇಕೆಂಬ ಆಸೆ ನನ್ನದು, ಅದಕ್ಕೆ ಈ ಆರು ವಾರಗಳು ಮೊದಲ ಹೆಜ್ಜೆ.

ಇನ್ನು ವಾರ್ಡಿನ ವಿಚಾರ. ಈ ಆಸ್ಪತ್ರೆಯಲ್ಲಿ ಫಿಜಿಷಿಯನ್ ನಾನೊಬ್ಬಳೇ ಆಗಿರುವುದರಿಂದ, ನನ್ನ ಗೈರುಹಾಜರಿಯ ಭಾರ ಸಹೋದ್ಯೋಗಿಗಳ ಮೇಲೂ ರೋಗಿಗಳ ಮೇಲೂ ಬೀಳುತ್ತದೆ ಎಂಬುದನ್ನು ಬಲ್ಲೆ. ರಜೆಯ ಅವಧಿಯನ್ನು ಇದನ್ನು ಯೋಚಿಸಿಯೇ ಆರಿಸಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಗಿ ಮತ್ತು ಇಲಿಜ್ವರದ ರೋಗಿಗಳಿಂದ ವಾರ್ಡುಗಳು ತುಂಬಿರುತ್ತವೆ. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆಯ ಕಾಲ, ಆಗ ನಾನು ಒಂದು ದಿನವೂ ಊರು ಬಿಡಲಾರೆ. ಇವೆರಡರ ನಡುವೆ ಉಳಿಯುವುದು ಅಕ್ಟೋಬರ್ ಮತ್ತು ನವೆಂಬರ್ ಮಾತ್ರ. ಈ ಕಾರಣಕ್ಕಾಗಿಯೇ ಸಂಸ್ಥೆಯವರು ಮೊದಲು ಸೂಚಿಸಿದ್ದ ಜನವರಿಯ ತಂಡವನ್ನು ನಾನು ಒಪ್ಪಿಕೊಳ್ಳಲಿಲ್ಲ.

ಆಡಳಿತ ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಿ ಮಾಡಿಕೊಂಡಿರುವ ಏರ್ಪಾಡಿನಂತೆ, ಪುರುಷರ ಮತ್ತು ಮಹಿಳೆಯರ ವಾರ್ಡುಗಳ ಬೆಳಗಿನ ರೌಂಡ್ಸನ್ನು ಇಬ್ಬರು ಸಾಮಾನ್ಯ ಕರ್ತವ್ಯ ವೈದ್ಯಾಧಿಕಾರಿಗಳು ಹಂಚಿಕೊಳ್ಳಲು ಒಪ್ಪಿದ್ದಾರೆ. ಡಯಾಲಿಸಿಸ್ ಘಟಕದ ರೋಗಿಗಳ ಔಷಧ, ರಕ್ತಪರೀಕ್ಷೆ ಮತ್ತು ಒಣತೂಕದ ವಿವರಗಳನ್ನು ಒಬ್ಬೊಬ್ಬರಿಗೂ ಒಂದು ಪುಟದಂತೆ ಬರೆದು ಸೆಪ್ಟೆಂಬರ್ ಕೊನೆಯೊಳಗೆ ಒಪ್ಪಿಸುತ್ತೇನೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಸ್ಥಿರ ರೋಗಿಗಳಿಗೆ ಎರಡು ತಿಂಗಳ ಮಾತ್ರೆಗಳನ್ನು ಮುಂಚಿತವಾಗಿ ಕೊಡುವಂತೆ ಔಷಧ ದಾಸ್ತಾನು ವಿಭಾಗಕ್ಕೆ ಬೇಡಿಕೆ ಸಲ್ಲಿಸಿದ್ದೇನೆ. ಎದೆನೋವಿನ ರೋಗಿಗಳ ವಿಷಯದಲ್ಲಿ ಹೃದಯ ಜ್ಯೋತಿ ಯೋಜನೆಯ ನೆರವಿದೆ: ಇಸಿಜಿಯನ್ನು ಹಬ್ ಕೇಂದ್ರದ ತಜ್ಞರು ನೋಡಿ ಸಲಹೆ ನೀಡುತ್ತಾರೆ, ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಕರ್ತವ್ಯದಲ್ಲಿರುವ ವೈದ್ಯರು ಕೊಡಬಹುದು. ಪ್ರತಿದಿನ ಸಂಜೆ 7ರಿಂದ 8ರವರೆಗೆ ವಾರ್ಡಿನ ಕರೆಗಳಿಗೆ ನಾನು ಫೋನಿನಲ್ಲಿ ಲಭ್ಯವಿರುತ್ತೇನೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮರೆಮಾಚುವುದು ಸರಿಯಲ್ಲ. ರಾತ್ರಿ ಬರುವ ಉಸಿರಾಟದ ತೀವ್ರ ತೊಂದರೆ, ಕೀಟನಾಶಕ ಸೇವನೆ, ಹಾವು ಕಡಿತದಂತಹ ಪ್ರಕರಣಗಳಲ್ಲಿ ಫೋನಿನ ಸಲಹೆ ಹಾಸಿಗೆಯ ಬಳಿ ನಿಂತ ತಜ್ಞರಿಗೆ ಸಮವಲ್ಲ. ಆದ್ದರಿಂದ ಜಿಲ್ಲೆಯ ಬೇರೊಂದು ಆಸ್ಪತ್ರೆಯಿಂದ ಒಬ್ಬ ಫಿಜಿಷಿಯನ್ ಅವರನ್ನು ವಾರಕ್ಕೆ ಕನಿಷ್ಠ ಮೂರು ದಿನ, ರಾತ್ರಿ ಕರ್ತವ್ಯವೂ ಸೇರಿದಂತೆ, ನಿಯೋಜಿಸಬೇಕೆಂದು ಕೋರುತ್ತೇನೆ. ಸೆಪ್ಟೆಂಬರ್ 20ರೊಳಗೆ ಈ ನಿಯೋಜನೆ ಆದೇಶವಾಗದಿದ್ದಲ್ಲಿ ನಾನೇ ರಜೆಯನ್ನು ಹಿಂಪಡೆದು ಮುಂದಿನ ವರ್ಷದ ಇದೇ ಅವಧಿಯ ತಂಡಕ್ಕೆ ಸೇರುತ್ತೇನೆ. ನಿಯೋಜನೆಯಿಲ್ಲದೆ ಬರಿಯ ರಜೆಯನ್ನಷ್ಟೇ ಮಂಜೂರು ಮಾಡುವುದು ಬೇಡ.

ಈ ಅವಧಿಯಲ್ಲಿ ದಸರಾ ಮತ್ತು ದೀಪಾವಳಿ ಎರಡೂ ಬರುವುದರಿಂದ, ಸಹೋದ್ಯೋಗಿಗಳು ನನಗಾಗಿ ತಮ್ಮ ಹಬ್ಬದ ದಿನಗಳನ್ನು ಬಿಟ್ಟುಕೊಡುತ್ತಿದ್ದಾರೆ. ಅದಕ್ಕೆ ಪ್ರತಿಯಾಗಿ ಕ್ರಿಸ್‌ಮಸ್‌ನಿಂದ ಸಂಕ್ರಾಂತಿಯವರೆಗಿನ ಎಲ್ಲ ರಜಾದಿನಗಳ ಕರ್ತವ್ಯವನ್ನು ನಾನು ವಹಿಸಿಕೊಳ್ಳುವುದಾಗಿ ಬರೆದುಕೊಟ್ಟಿದ್ದೇನೆ.

17-11-2026ರ ಬೆಳಿಗ್ಗೆ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಬಂದ ಒಂದು ತಿಂಗಳೊಳಗೆ ಮಾನ್ಯತೆಗಾಗಿ ಔಷಧ ನಿಯಂತ್ರಕರಿಗೆ ಸಲ್ಲಿಸಬೇಕಾದ ಕಡತವನ್ನು ಸಿದ್ಧಪಡಿಸಿ ಆಡಳಿತ ವೈದ್ಯಾಧಿಕಾರಿಗಳಿಗೆ ಒಪ್ಪಿಸುತ್ತೇನೆ. ಮಾನ್ಯತೆ ದೊರೆತ ಬಳಿಕ ಗುರುವಾರ ಮಧ್ಯಾಹ್ನದ ಹೊರರೋಗಿ ವಿಭಾಗವನ್ನು ನೋವು ಮತ್ತು ಉಪಶಾಮಕ ಆರೈಕೆಗೆ ಮೀಸಲಿಡಲು ಅನುಮತಿ ಬೇಕಾಗುತ್ತದೆ. ಅದಕ್ಕೆ ಪ್ರತ್ಯೇಕ ಪ್ರಸ್ತಾವನೆ ಸಲ್ಲಿಸುತ್ತೇನೆ. ತರಬೇತಿ ಮುಗಿದ ನಂತರ ಕನಿಷ್ಠ ಮೂರು ವರ್ಷ ಇಲಾಖೆಯ ಸೇವೆಯಲ್ಲಿ ಮುಂದುವರಿಯುವ ಬಗ್ಗೆ ನಿಯಮಾನುಸಾರ ಮುಚ್ಚಳಿಕೆ ಬರೆದುಕೊಡಲು ಸಿದ್ಧಳಿದ್ದೇನೆ. ತರಬೇತಿ ಶುಲ್ಕ ಹಾಗೂ ವಾಸ್ತವ್ಯದ ವೆಚ್ಚವನ್ನು ನಾನೇ ಭರಿಸುತ್ತೇನೆ. ಇಲಾಖೆಯಿಂದ ರಜಾ ವೇತನದ ಹೊರತಾಗಿ ಬೇರೇನನ್ನೂ ಕೋರುತ್ತಿಲ್ಲ.

ಸಂಸ್ಥೆಯವರು ನನ್ನ ಅಂತಿಮ ಒಪ್ಪಿಗೆಯನ್ನು ಆಗಸ್ಟ್ 31ರೊಳಗೆ ಕೇಳಿರುವುದರಿಂದ, ಅದಕ್ಕೆ ಮುಂಚಿತವಾಗಿ ತಮ್ಮ ನಿರ್ಧಾರವನ್ನು ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಡಾ. ಸವಿತಾ ಎಂ. ನಾಯ್ಕ

ಲಗತ್ತು: ಆಯ್ಕೆ ಪತ್ರದ ಪ್ರತಿ, ರಜಾ ಲೆಕ್ಕದ ದೃಢೀಕೃತ ಪ್ರತಿ, ಇಬ್ಬರು ವೈದ್ಯಾಧಿಕಾರಿಗಳ ಲಿಖಿತ ಒಪ್ಪಿಗೆ, ಅಕ್ಟೋಬರ್–ನವೆಂಬರ್ ತಿಂಗಳ ಕರಡು ಕರ್ತವ್ಯ ಪಟ್ಟಿ